ಪದಚರ್ಚೆ: ‘ಸೀಳು ಸುರಂಗ’ ಎಂದರೆ ಓದುಗರಿಗೆ ಏನು ಅರ್ಥವಾದೀತು?

ಪ್ರಶ್ನೆ (ಕೈಪಿಡಿಯ ಅನುವಾದಕಿ)

ಮಾನ್ಯರೇ,

ವೈರ್‌ಗಾರ್ಡ್ ವಿಪಿಎನ್ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ವಿಪಿಎನ್ ಜೋಡಣೆಯಾಗಿದೆ ಎಂದು ಪರದೆ ಹೇಳುತ್ತಿದ್ದರೂ ಯಾವ ಜಾಲತಾಣವೂ ತೆರೆಯದಿರುವ ತೊಂದರೆಗೆ ಅದರಲ್ಲಿ ಒಂದು ಅಧ್ಯಾಯ ಮೀಸಲಾಗಿದೆ. ಕರಡಿನಲ್ಲಿ ಬಳಸಿರುವ ಮೂರು ಮಾತುಗಳ ಬಗ್ಗೆ ನನಗೇ ಸಮಾಧಾನವಿಲ್ಲ: ಡಿಎನ್‌ಎಸ್ ವಿಫಲವಾದಾಗ ‘ಹೆಸರನ್ನು ಪರಿಹರಿಸಲಾಗಲಿಲ್ಲ’, ಸ್ಪ್ಲಿಟ್ ಟನಲಿಂಗ್‌ಗೆ ‘ಸೀಳು ಸುರಂಗ’, ಎಂಟಿಯುಗೆ ‘ಗರಿಷ್ಠ ಪ್ರಸರಣ ಘಟಕ’. ಕರಡನ್ನು ಪರೀಕ್ಷಿಸಲು ನನ್ನ ಗಣಕದಲ್ಲೇ ಕೆಳಗಿನ ಸೆಟ್ಟಿಂಗ್ ಹಾಕಿದಾಗ ಅಧ್ಯಾಯದ ತೊಂದರೆ ನನಗೇ ಎದುರಾಯಿತು.

```
[Interface]
DNS = 10.30.0.53
MTU = 1420
[Peer]
AllowedIPs = 10.20.0.0/16
```

`ping 1.1.1.1` ಎಂದರೆ ಉತ್ತರ ಬರುತ್ತದೆ. `nslookup example.com` ಎಂದರೆ ಅವಧಿ ಮುಗಿಯಿತೆಂಬ ಸಂದೇಶ ಬರುತ್ತದೆ. ಇದನ್ನು ಯಾವ ಪದಗಳಲ್ಲಿ ವಿವರಿಸಿದರೆ ಓದುಗರಿಗೆ ಕಾರಣವೂ ತಿಳಿದೀತು?

ಉತ್ತರ (ನೆಟ್‌ವರ್ಕ್ ನಿರ್ವಹಣೆಯ ಕೆಲಸದಲ್ಲಿರುವವರು)

ನಿಮ್ಮ ಉದಾಹರಣೆಯೇ ‘ಸೀಳು ಸುರಂಗ’ ಬೇಡವೆನ್ನಲು ಒಳ್ಳೆಯ ಸಾಕ್ಷಿ. ಸೀಳು ಎಂದೊಡನೆ ಬಿರುಕು, ಒಡಕು, ಸೋರಿಕೆ ನೆನಪಾಗುತ್ತವೆ. ಸುರಂಗ ಕೆಟ್ಟಿದೆ ಎಂದು ಓದುಗರು ಭಾವಿಸುತ್ತಾರೆ. ಇಲ್ಲಿ ಸುರಂಗ ಇಡಿಯಾಗಿಯೇ ಇದೆ, ಕವಲೊಡೆದಿರುವುದು ಸಂಚಾರ. `AllowedIPs` ಸಾಲಿನಲ್ಲಿರುವ ವಿಳಾಸಗಳಿಗೆ ಹೋಗುವುದು ಮಾತ್ರ ಸುರಂಗದೊಳಗೆ ಇಳಿಯುತ್ತದೆ, ಉಳಿದದ್ದೆಲ್ಲ ಎಂದಿನ ದಾರಿಯಲ್ಲೇ ಸಾಗುತ್ತದೆ. ಆದ್ದರಿಂದ ‘ಕವಲು ಸಂಚಾರ’ ಎನ್ನಬಹುದೆಂದು ನನ್ನ ಸಲಹೆ.

ಈ ಪದವಿದ್ದರೆ ನಿಮ್ಮ ತೊಂದರೆಯನ್ನು ಹೇಳುವುದೂ ಸುಲಭವಾಗುತ್ತದೆ. ಹೆಸರುಗಳಿಗೆ ವಿಳಾಸ ಹೇಳಬೇಕಾದ ಸರ್ವರ್ 10.30.0.53, ಸುರಂಗಕ್ಕೆ ಇಳಿಯುವ ಕವಲಿನಲ್ಲಿ 10.20ರಿಂದ ಆರಂಭವಾಗುವ ವಿಳಾಸಗಳು ಮಾತ್ರ ಇವೆ. ಹೀಗಾಗಿ ಹೆಸರಿನ ವಿಚಾರಣೆ ಸುರಂಗವನ್ನು ಬಿಟ್ಟು ಹೊರಗಿನ ದಾರಿ ಹಿಡಿಯುತ್ತದೆ, ಅಲ್ಲಿ ಆ ಖಾಸಗಿ ವಿಳಾಸವನ್ನು ಬಲ್ಲವರು ಯಾರೂ ಇಲ್ಲದ ಕಾರಣ ಉತ್ತರವಿಲ್ಲದೆ ಕಳೆದುಹೋಗುತ್ತದೆ. `ping 1.1.1.1`ಗೆ ಹೆಸರು ಬಿಡಿಸುವ ಅಗತ್ಯವೇ ಇಲ್ಲವಾದ್ದರಿಂದ ಅದು ನಿರಾತಂಕವಾಗಿ ಹೋಗಿಬರುತ್ತದೆ. ಸಾಲನ್ನು ಹೀಗೆ ತಿದ್ದಿ ನೋಡಿ:

```
AllowedIPs = 10.20.0.0/16, 10.30.0.53/32
```

ಆಚೆ ಬದಿಯ ಸರ್ವರ್ ಕೂಡ ಆ ವಿಳಾಸಕ್ಕೆ ದಾರಿ ಬಿಟ್ಟಿರಬೇಕು; ಇಲ್ಲದಿದ್ದರೆ ಈ ತಿದ್ದುಪಡಿಯಿಂದ ಪ್ರಯೋಜನವಾಗದು.

‘ಪರಿಹರಿಸು’ ಸಮಸ್ಯೆಗೆ ಒಪ್ಪುತ್ತದೆ, ಹೆಸರಿಗಲ್ಲ. ಒಗಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ. ಹಾಗೆಯೇ ‘ಹೆಸರು ಬಿಡಿಸಲಾಗಲಿಲ್ಲ’ ಎನ್ನಬಹುದು. ಸಾಮಾನ್ಯ ಬಳಕೆದಾರರಿಗಾದರೆ ‘ಈ ಹೆಸರಿನ ವಿಳಾಸ ಸಿಗಲಿಲ್ಲ’ ಎಂಬುದು ಇನ್ನೂ ಮೇಲು.

ಉತ್ತರ (ನಿವೃತ್ತ ಭಾಷಾ ಅಧ್ಯಾಪಕರು)

‘ಸುರಂಗ’ ಸಂಸ್ಕೃತದ ಮೂಲಕ ಬಂದ ಪದ. ಸಂಸ್ಕೃತದ ‘ಸುರುಂಗಾ’ ಗ್ರೀಕಿನ ‘ಸಿರಿಂಕ್ಸ್’ ಎಂಬ, ಕೊಳವೆ ಎಂಬರ್ಥದ ಪದದಿಂದ ಬಂದದ್ದೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಹಾಗಾಗಿ ಪ್ರಶ್ನೆ ಕೇಳಿದವರು ಅಚ್ಚಗನ್ನಡ ಪದವನ್ನೇ ಬಯಸುವುದಾದರೆ ‘ಕೊಳವೆ’ಯನ್ನು ಪರಿಶೀಲಿಸಬಹುದು.

ಉತ್ತರ (ಪ್ರಶ್ನೆ ಕೇಳಿದವರು)

ಗುರುಗಳೇ, ವಂದನೆಗಳು. ಸುರಂಗ ಎಂಬ ಪದದ ಬಗ್ಗೆ ನನಗೆ ತಕರಾರಿಲ್ಲ, ಅದರ ಹಿಂದಿನ ವಿಶೇಷಣದ ಬಗ್ಗೆಯಷ್ಟೇ ಕೇಳಿದ್ದೆ. `AllowedIPs` ಸಾಲು ತಿದ್ದಿದೆ, ತಾಣಗಳು ತೆರೆಯುತ್ತಿವೆ.

ಉತ್ತರ (ತಂತ್ರಾಂಶ ಪರೀಕ್ಷಕರು)

ಇಷ್ಟೆಲ್ಲ ಬರೆಯುವ ಬದಲು ಎಂಟಿಯುವನ್ನು 1280ಕ್ಕೆ ಇಳಿಸಿ ಎಂದು ಒಂದೇ ಸಾಲು ಹಾಕಿಬಿಡಿ. ನಾನು ನೋಡಿದಂತೆ ಸಂಪರ್ಕವಿದ್ದೂ ಪುಟ ತೆರೆಯದಿದ್ದರೆ ಅದು ಪ್ಯಾಕೆಟ್ ಗಾತ್ರದ್ದೇ ತೊಂದರೆ.

ಉತ್ತರ (ನೆಟ್‌ವರ್ಕ್ ನಿರ್ವಹಣೆಯವರು)

ಅರ್ಧ ಒಪ್ಪುತ್ತೇನೆ. ಗಾತ್ರವೇ ಕಾರಣವಾಗಿದ್ದರೆ 1280 ಬಹುಮಟ್ಟಿಗೆ ಕೆಲಸ ಮಾಡುತ್ತದೆ, ಏಕೆಂದರೆ ಅಷ್ಟು ಚಿಕ್ಕ ಪ್ಯಾಕೆಟ್ ಬಹುತೇಕ ಎಲ್ಲ ಮಾರ್ಗಗಳಲ್ಲೂ ಹಿಡಿಸುತ್ತದೆ. ಆದರೆ ಮೇಲಿನ ಪ್ರಕರಣದಲ್ಲಿ ಅದನ್ನು ಎಷ್ಟು ಇಳಿಸಿದರೂ ಫಲವಿಲ್ಲ. ಹೆಸರಿನ ವಿಚಾರಣೆ ತೀರ ಚಿಕ್ಕ ಪ್ಯಾಕೆಟ್, ಅದು ಕಳೆದುಹೋದದ್ದು ದಾರಿ ತಪ್ಪಿ.

ಗಾತ್ರದ ತೊಂದರೆಯ ಲಕ್ಷಣವೇ ಬೇರೆ. ಹೆಸರಿನ ವಿಳಾಸ ಸಿಗುತ್ತದೆ, ಪಿಂಗ್ ಹೋಗಿಬರುತ್ತದೆ, ಪುಟ ಮಾತ್ರ ಬಿಳಿಯಾಗಿಯೇ ನಿಂತು ಸುತ್ತುತ್ತಿರುತ್ತದೆ. ನಾನು ಸರಿಪಡಿಸಿದ ಒಂದು ಉದಾಹರಣೆ ಹೇಳುತ್ತೇನೆ. ಬಳಕೆದಾರರ ಮಾರ್ಗ ಪಿಪಿಪಿಒಇ ಆದ್ದರಿಂದ 1500 ಬೈಟ್ ಬದಲು 1492 ಬೈಟ್ ಮಾತ್ರ ಹೊರುತ್ತಿತ್ತು, ವಿಪಿಎನ್ ಸರ್ವರನ್ನು ಅವರು ಐಪಿವಿ6 ಮೂಲಕ ತಲುಪುತ್ತಿದ್ದರು. ಆಗ ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್‌ಗೆ 80 ಬೈಟಿನ ಹೊದಿಕೆ ಸೇರಿಸುತ್ತದೆ. ಒಳಗಿನ 1420ಕ್ಕೆ 80 ಕೂಡಿದರೆ 1500, ಅಂದರೆ ಹಿಡಿಸುವುದಕ್ಕಿಂತ ಎಂಟೇ ಎಂಟು ಬೈಟ್ ಹೆಚ್ಚು. ಪ್ಯಾಕೆಟ್ ದೊಡ್ಡದಾಯಿತೆಂದು ರೂಟರ್ ಕಳುಹಿಸಬೇಕಾದ ಸೂಚನೆಯನ್ನು ನಡುವಿನ ಫೈರ್‌ವಾಲ್ ತಡೆದಿದ್ದರಿಂದ ಯಾರಿಗೂ ಸುದ್ದಿಯೇ ಮುಟ್ಟಲಿಲ್ಲ. ಸುರಂಗದ ಆಚೆ ತುದಿಗೆ ವಿಂಡೋಸ್‌ನಿಂದ ಹೀಗೆ ಅಳೆದೆವು:

```
ping -f -l 1392 10.8.0.1
ping -f -l 1372 10.8.0.1
```

ಕೊಟ್ಟ ಸಂಖ್ಯೆಗೆ ಶಿರೋಭಾಗದ 28 ಬೈಟ್ ಸೇರಿಸಿಕೊಳ್ಳಬೇಕು: ಮೊದಲನೆಯದು 1420, ಎರಡನೆಯದು 1400. ಮೊದಲನೆಯದಕ್ಕೆ ಉತ್ತರ ಬರಲಿಲ್ಲ, ಎರಡನೆಯದಕ್ಕೆ ಬಂತು. 1492ರಲ್ಲಿ 80 ಕಳೆದು `MTU = 1412` ಎಂದು ಎರಡೂ ತುದಿಗಳಲ್ಲಿ ಬರೆದ ಮೇಲೆ ಪುಟಗಳು ತೆರೆದವು. ಅದೇ ಸರ್ವರನ್ನು ಐಪಿವಿ4ರಲ್ಲಿ ತಲುಪಿದ್ದರೆ ಹೊದಿಕೆ 60 ಬೈಟ್ ಆಗಿರುತ್ತಿತ್ತು, 1420 ಸಲೀಸಾಗಿ ಹಿಡಿಸುತ್ತಿತ್ತು.

ಇಷ್ಟನ್ನು ‘ಗರಿಷ್ಠ ಪ್ರಸರಣ ಘಟಕ’ ಹೇಳಲಾರದು. ಘಟಕವೆಂದರೆ ಯಾವುದೋ ಭಾಗವೋ ಯಂತ್ರವೋ ಎಂಬಂತೆ ಕೇಳಿಸುತ್ತದೆ. ‘ಪ್ಯಾಕೆಟ್ ಗಾತ್ರದ ಮಿತಿ’ ಎಂದು ಬರೆಯಿರಿ, ಪರದೆಯ ಮೇಲೆ ಕಾಣುವ `MTU` ಅನ್ನು ಹಾಗೆಯೇ ಉಳಿಸಿ.

ಉತ್ತರ (ವಿದ್ಯಾರ್ಥಿ)

ನನ್ನದೊಂದು ವಿಚಿತ್ರ ಅನುಭವ. ವಿಪಿಎನ್ ಹಾಕಿದರೆ ಒಂದು ಬ್ರೌಸರಿನಲ್ಲಿ ಎಲ್ಲ ತಾಣಗಳೂ ತೆರೆಯುತ್ತವೆ, ಇನ್ನೊಂದರಲ್ಲಿ ಒಂದೂ ಇಲ್ಲ. ಇದಕ್ಕೆ ಮೇಲಿನ ಮೂರರಲ್ಲಿ ಯಾವ ಪದ ಸಲ್ಲುತ್ತದೆ, ಸರ್?

ಉತ್ತರ (ನೆಟ್‌ವರ್ಕ್ ನಿರ್ವಹಣೆಯವರು)

ಬಹುಶಃ ಮೊದಲನೆಯದು, ಅಂದರೆ ಹೆಸರು ಬಿಡಿಸುವುದು. ಕೆಲವು ಬ್ರೌಸರುಗಳು ಗಣಕದ ಡಿಎನ್‌ಎಸ್ ಸೆಟ್ಟಿಂಗನ್ನು ಬದಿಗಿಟ್ಟು ಎಚ್‌ಟಿಟಿಪಿಎಸ್ ಮೂಲಕ ತಾವೇ ಹೆಸರು ಬಿಡಿಸಿಕೊಳ್ಳುತ್ತವೆ. ತೆರೆಯುವ ಬ್ರೌಸರಿನಲ್ಲಿ ‘ಸುರಕ್ಷಿತ ಡಿಎನ್‌ಎಸ್’ ಆಯ್ಕೆಯನ್ನು ಆಫ್ ಮಾಡಿ ನೋಡಿ. ಆಗ ಆ ಬ್ರೌಸರಿನಲ್ಲೂ ತಾಣಗಳು ತೆರೆಯದಿದ್ದರೆ ಗಣಕದ ಹೆಸರು ಬಿಡಿಸುವಿಕೆಯೇ ಕೆಟ್ಟಿದೆ ಎಂದರ್ಥ.

ಅನುವಾದಕರಿಗೆ ಇನ್ನೊಂದು ಮಾತು: `Active` ಎಂಬುದನ್ನು ‘ಸಂಪರ್ಕಗೊಂಡಿದೆ’ ಎಂದು ಅನುವಾದಿಸಬೇಡಿ. ಆಚೆ ಬದಿಯಿಂದ ಒಂದು ಬೈಟೂ ಬಾರದಿದ್ದರೂ ವೈರ್‌ಗಾರ್ಡ್ ಆ ಪದವನ್ನು ತೋರಿಸುತ್ತದೆ. `Latest handshake` ಎಂಬ ಸಾಲು ಕಾಣಿಸಿಕೊಂಡಾಗಲೇ ಎರಡು ತುದಿಗಳು ಮಾತಾಡಿವೆ ಎನ್ನಬಹುದು.

ಉತ್ತರ (ಪ್ರಶ್ನೆ ಕೇಳಿದವರು)

`Active`ಗೆ ‘ಚಾಲೂ ಇದೆ’ ಎಂದು ಬರೆದುಕೊಂಡೆ. ‘ಹೆಸರು ಬಿಡಿಸು’, ‘ಪ್ಯಾಕೆಟ್ ಗಾತ್ರದ ಮಿತಿ’ ಎರಡನ್ನೂ ಸ್ವೀಕರಿಸಿದ್ದೇನೆ. ಆದರೆ ‘ಕವಲು ಸಂಚಾರ’ವನ್ನು ಓದಿದ ನನ್ನ ಸಹೋದ್ಯೋಗಿಯೊಬ್ಬರು, ಎರಡು ಕವಲುಗಳೂ ಸುರಂಗದೊಳಗೇ ಇವೆಯೆಂದು ತಿಳಿದರು. ‘ಆಯ್ದ ವಿಳಾಸಗಳಿಗೆ ಮಾತ್ರ ಸುರಂಗ’ ಎಂದು ಬಿಡಿಸಿ ಬರೆದರೆ ಗೊಂದಲವಿಲ್ಲ, ಆದರೆ ಅದು ಗುಂಡಿಯ ಮೇಲೆ ಹಿಡಿಸುವುದಿಲ್ಲ. ಗುಂಡಿಗೆ ಹೊಂದುವ ಪದವನ್ನು ಇನ್ನೂ ಹುಡುಕುತ್ತಿದ್ದೇನೆ.