ಭಾನುವಾರ ರಾತ್ರಿ 9:40ಕ್ಕೆ ಬಂದ ಶಿಫ್ಟ್ ಪಟ್ಟಿ

ಸುಮಾ: ಎಲ್ಲರೂ ಈ ಫೋಟೋ ನೋಡಿ. ನಮ್ಮ ಸೂಪರ್‌ವೈಸರ್ ಈಗಷ್ಟೇ ಡಿಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದ್ದು.

*"ಪ್ಯಾಕಿಂಗ್ ವಿಭಾಗದ ಗಮನಕ್ಕೆ: ನಾಳೆಯಿಂದ ಹೊಸ ಪಟ್ಟಿ ಜಾರಿ. ಬಿ ಶಿಫ್ಟ್‌ನ ನಾಲ್ವರು ಈ ವಾರ ಸಿ ಶಿಫ್ಟ್‌ಗೆ. ಕೆಳಗಿನ 12 ಜನರಿಗೆ ಬೆಳಿಗ್ಗೆ 11ರಿಂದ ರಾತ್ರಿ 8. ವಾರದ ರಜೆ ಇನ್ಮುಂದೆ ಭಾನುವಾರದ ಬದಲು ಬುಧವಾರ. ಎಲ್ಲರೂ ಸಹಕರಿಸಿ."*

ಸುಮಾ: ಬಿ ಇಂದ ಸಿಗೆ ಹೋಗುವ ನಾಲ್ವರಲ್ಲಿ ನಾನೂ ಒಬ್ಬಳು. ನಾಳೆ ಮಧ್ಯಾಹ್ನ 2ಕ್ಕೆ ಹೋಗಬೇಕಿತ್ತು, ಈಗ ರಾತ್ರಿ 10ಕ್ಕೆ. ಒಂದು ಮಾತು ಕೇಳಿಲ್ಲ, ಹೇಳಿಲ್ಲ. ಮಕ್ಕಳನ್ನು ರಾತ್ರಿ ಯಾರ ಹತ್ತಿರ ಬಿಡಲಿ? ಇದು ಸರಿನಾ?

ದೀಪಾ: ಅಕ್ಕ, ಇದು ಅನ್ಯಾಯ. ಹೋಗಬೇಡ ನಾಳೆ. ನಾಲ್ಕೂ ಜನ ಹೋಗಬೇಡಿ, ಆಗ ಗೊತ್ತಾಗುತ್ತೆ ಅವರಿಗೆ.

ಪ್ರವೀಣ: ದೀಪಾ, ಸುಮ್ನೆ ಕಿಚ್ಚು ಹಚ್ಚಬೇಡ. ಅಕ್ಕ, ನಾನು ಎಚ್.ಆರ್.ನಲ್ಲಿ ಇರುವವನು, ಅವರ ಕಡೆಯಿಂದ ಹೇಳ್ತೀನಿ ಕೇಳು. ಯಾರನ್ನು ಯಾವ ಶಿಫ್ಟ್‌ಗೆ ಹಾಕಬೇಕು ಅನ್ನೋದು ಆಡಳಿತದ ಹಕ್ಕು. ನಿನ್ನ ನೇಮಕಾತಿ ಪತ್ರದಲ್ಲೂ "ಕೆಲಸದ ಅಗತ್ಯಕ್ಕೆ ತಕ್ಕಂತೆ ಯಾವುದೇ ಶಿಫ್ಟ್" ಅಂತ ಇರುತ್ತೆ, ತೆಗೆದು ನೋಡು. ಸಿ ಶಿಫ್ಟ್‌ನಲ್ಲಿ ನಾಲ್ಕು ಜನ ಬರಲಿಲ್ಲ ಅಂದ್ರೆ ಲೈನ್ ನಿಲ್ಲಿಸಿ ಕೂತ್ಕೊಳ್ಳೋಕೆ ಆಗುತ್ತಾ? ಯಾರನ್ನಾದರೂ ಕಳಿಸಲೇಬೇಕು.

ಸುಮಾ: ಇದೆ ಆ ಸಾಲು. ಹಾಗಾದ್ರೆ ಏನು ಬೇಕಾದ್ರೂ ಮಾಡಬಹುದಾ?

ನಾಗರಾಜ ಮಾವ: ಮಾಡಕ್ಕಾಗಲ್ಲ. ಸುಮಾ, ಮೊದಲು ನನಗೆ ಎರಡು ವಿಷಯ ಹೇಳು. ನಿಮ್ಮಲ್ಲಿ ಒಟ್ಟು ಎಷ್ಟು ಜನ ಕೆಲಸಗಾರರು? ಈ 11ರಿಂದ 8ರ ಶಿಫ್ಟ್ ಮುಂಚೆ ಯಾವತ್ತಾದರೂ ಇತ್ತಾ?

ಸುಮಾ: 400ರ ಮೇಲೆ ಇದ್ದೀವಿ ಮಾವ. 11ರ ಶಿಫ್ಟ್ ಯಾವತ್ತೂ ಇರಲಿಲ್ಲ. ಎ 6ರಿಂದ 2, ಬಿ 2ರಿಂದ 10, ಸಿ 10ರಿಂದ 6. ಗೇಟ್ ಹತ್ತಿರದ ಬೋರ್ಡಿನಲ್ಲಿ ಇವತ್ತಿಗೂ ಈ ಮೂರೇ ಇರೋದು.

ನಾಗರಾಜ ಮಾವ: ಸರಿ. ನಾನು ಯೂನಿಯನ್ ಕಮಿಟಿಯಲ್ಲಿ ಇದ್ದಷ್ಟು ಕಾಲ ಇದೇ ಜಗಳ ಮಾಡಿದವನು, ಸ್ವಲ್ಪ ಉದ್ದ ಬರೀತೀನಿ. ಆ ಒಂದು ಮೆಸೇಜಿನೊಳಗೆ ಮೂರು ಬೇರೆ ಬೇರೆ ಬದಲಾವಣೆ ಇವೆ, ಮೂರಕ್ಕೂ ಒಂದೇ ಉತ್ತರ ಇಲ್ಲ. ನಿನ್ನ ಬಿ ಇಂದ ಸಿ ಇದೆಯಲ್ಲ, ಅದರಲ್ಲಿ ಪ್ರವೀಣ ಹೇಳಿದ್ದು ಬಹುಮಟ್ಟಿಗೆ ಸರಿ. ಮೂರು ಶಿಫ್ಟ್ ಮೊದಲಿಂದಲೂ ಇವೆ, ಸಮಯ ಬದಲಾಗಿಲ್ಲ, ಅದರೊಳಗೆ ಒಬ್ಬರನ್ನು ಆ ಕಡೆಯಿಂದ ಈ ಕಡೆಗೆ ಹಾಕಿದ್ದಾರೆ. ಸ್ಟ್ಯಾಂಡಿಂಗ್ ಆರ್ಡರ್ ಅಂದ್ರೆ ಕಾರ್ಖಾನೆಯ ಕೆಲಸದ ಲಿಖಿತ ನಿಯಮಗಳು. ಸರ್ಕಾರದ ಮಾದರಿ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲೇ ಇತ್ತು, ಒಂದಕ್ಕಿಂತ ಜಾಸ್ತಿ ಶಿಫ್ಟ್ ನಡೆಯುವ ಕಡೆ ಕೆಲಸಗಾರನನ್ನು ಒಂದರಿಂದ ಇನ್ನೊಂದಕ್ಕೆ ಹಾಕಬಹುದು ಅಂತ. ಆದರೆ 11ರಿಂದ 8 ಅನ್ನೋದು ಹೊಸ ಶಿಫ್ಟ್. ಭಾನುವಾರದ ರಜೆ ಬುಧವಾರಕ್ಕೆ ಹೋಗೋದು ನಿಮ್ಮ ಕೆಲಸದ ಷರತ್ತನ್ನೇ ಬದಲಿಸಿದಂತೆ. ಈ ಎರಡನ್ನು ರಾತ್ರಿ ಮೆಸೇಜ್ ಹಾಕಿ ಬೆಳಿಗ್ಗೆ ಜಾರಿ ಮಾಡೋಕೆ ಬರಲ್ಲ.

ಪ್ರವೀಣ: ಮಾವ, ಯಾವ ಕಾನೂನಿನಲ್ಲಿ? ಹಳೇದೆಲ್ಲ ಹೋಯ್ತಲ್ಲ, ಈಗ ಹೊಸ ಸಂಹಿತೆ ಬಂದಿದೆ.

ನಾಗರಾಜ ಮಾವ: ಹಳೇದರಲ್ಲಿ ಇದ್ದದ್ದು ಹೊಸದರಲ್ಲೂ ಇದೆ ಪ್ರವೀಣ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಅದು ಸೆಕ್ಷನ್ 9ಎ. ಈಗ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಸೆಕ್ಷನ್ 40. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಮೂರನೇ ಅನುಸೂಚಿಯಲ್ಲಿ ಒಂದು ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿರುವ ಯಾವ ವಿಷಯ ಬದಲಿಸಬೇಕಾದರೂ ತೊಂದರೆಗೆ ಒಳಗಾಗುವ ಕೆಲಸಗಾರರಿಗೆ ಮೊದಲು ನೋಟಿಸ್ ಕೊಡಬೇಕು, ಕೊಟ್ಟಮೇಲೆ 21 ದಿನ ಕಾಯಬೇಕು. ಕೆಲಸದ ಸಮಯ ಮತ್ತು ವಿಶ್ರಾಂತಿ ಆ ಪಟ್ಟಿಯಲ್ಲಿದೆ. ರಜೆ ಇದೆ. ಸ್ಟ್ಯಾಂಡಿಂಗ್ ಆರ್ಡರ್‌ಗೆ ಹೊರತಾಗಿ ಶಿಫ್ಟ್ ಶುರು ಮಾಡೋದು, ಬದಲಿಸೋದು, ನಿಲ್ಲಿಸೋದು, ಅದೂ ಇದೆ.

ದೀಪಾ: 21 ದಿನ!! ಮತ್ತೆ ಇವರು 8 ಗಂಟೆ ಕೊಟ್ಟಿದ್ದಾರೆ. ಬೆಳಿಗ್ಗೆ 6ರ ಶಿಫ್ಟ್‌ನವರಿಗೆ ರಜೆ ಬದಲಾಗಿದ್ದು ಗೊತ್ತಾಗಿದ್ದೇ ಮಲಗೋ ಹೊತ್ತಿಗೆ.

ಪ್ರವೀಣ: ವಾರದ ರಜೆ ಕಿತ್ತುಕೊಂಡಿಲ್ಲ ಅಲ್ವಾ? ವಾರಕ್ಕೆ ಒಂದು ದಿನ ಕೊಟ್ಟೇ ಕೊಡ್ತಾರೆ. ದಿನ ಬೇರೆ, ಅಷ್ಟೇ. ಅದಕ್ಕೂ 21 ದಿನ ಅಂದ್ರೆ ಕಾರ್ಖಾನೆ ನಡೆಸೋದು ಹೇಗೆ?

ನಾಗರಾಜ ಮಾವ: ಇದೇ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 1972ರ ಟಾಟಾ ಐರನ್ ಅಂಡ್ ಸ್ಟೀಲ್ ಪ್ರಕರಣ, ಗಣಿ ಕೆಲಸಗಾರರದ್ದು. ಭಾನುವಾರ ಇದ್ದ ವಾರದ ರಜೆಯನ್ನು ಬೇರೆ ದಿನಕ್ಕೆ ಹಾಕಿದ್ದರು. ರಜೆಯ ಸಂಖ್ಯೆ ಕಡಿಮೆಯಾಗಿರಲಿಲ್ಲ, ದಿನ ಮಾತ್ರ ಬೇರೆ, ನೀನು ಈಗ ಹೇಳಿದ ಹಾಗೇ. ಅದಕ್ಕೂ 9ಎ ನೋಟಿಸ್ ಬೇಕು ಅಂತ ಕೋರ್ಟ್ ಹೇಳಿತು. ನೋಟಿಸ್ ಯಾಕೆ ಅಂದ್ರೆ, ಈ ಬದಲಾವಣೆಯಿಂದ ತನಗೇನಾಗುತ್ತೆ ಅಂತ ಕೆಲಸಗಾರ ಯೋಚಿಸಿ ತನ್ನ ಮಾತು ಹೇಳೋಕೆ ಅವಕಾಶ ಸಿಗಲಿ ಅಂತ. ಸುಮಾ ಕೇಳಿದ್ದೂ ಅದನ್ನೇ ಅಲ್ವಾ, ಮಕ್ಕಳನ್ನು ಎಲ್ಲಿ ಬಿಡಲಿ ಅಂತ. ಮಕ್ಕಳ ಶಾಲೆಗೆ ರಜೆ ಭಾನುವಾರ, ಗಂಡನಿಗೆ ರಜೆ ಭಾನುವಾರ. ಇವಳಿಗೆ ಬುಧವಾರ ಕೊಟ್ಟರೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಇರೋ ದಿನವೇ ಇಲ್ಲ. ಲೆಕ್ಕದಲ್ಲಿ ಒಂದಕ್ಕೆ ಒಂದು ಸರಿಹೋಗುತ್ತೆ, ಬದುಕಿನಲ್ಲಿ ಸರಿಹೋಗಲ್ಲ.

ಸುಮಾ: ಹೂಂ ಮಾವ. ಅದನ್ನು ಯಾರೂ ಕೇಳೋದೇ ಇಲ್ಲ.

ಪ್ರವೀಣ: ಒಪ್ಪಿದೆ, ಆದರೆ ಸೆಕ್ಷನ್ 40ರಲ್ಲೇ ವಿನಾಯಿತಿ ಇದೆ ಮಾವ, ನಮಗೆ ತರಬೇತಿಯಲ್ಲಿ ಹೇಳಿದ್ದಾರೆ. ತುರ್ತು ಪರಿಸ್ಥಿತಿಯಲ್ಲಿ ಶಿಫ್ಟ್ ಬದಲಿಸೋಕೆ ನೋಟಿಸ್ ಬೇಡ. ದೊಡ್ಡ ಆರ್ಡರ್ ಬಂದಿರಬಹುದು.

ನಾಗರಾಜ ಮಾವ: ಇದೆ. ಆ ಸಾಲನ್ನು ಕೊನೆವರೆಗೂ ಓದು. ತುರ್ತು ಇರಬೇಕು, ಜೊತೆಗೆ ಕುಂದುಕೊರತೆ ನಿವಾರಣಾ ಸಮಿತಿ ಜೊತೆ ಸಮಾಲೋಚನೆ ಮಾಡಿ ಮಾಡಬೇಕು. 20 ಜನ ಕೆಲಸಗಾರರು ಇರುವ ಕಡೆಯೆಲ್ಲ ಆ ಸಮಿತಿ ಇರಲೇಬೇಕು. ಸುಮಾ, ನಿಮ್ಮ ಸಮಿತಿಯಲ್ಲಿ ಕೆಲಸಗಾರರ ಕಡೆಯವರು ಯಾರು? ಅವರನ್ನು ಯಾರಾದರೂ ಕೇಳಿದ್ರಾ?

ಸುಮಾ: ನಮ್ಮ ಲೈನಿನವರೇ ಒಬ್ಬರು ಇದ್ದಾರೆ. ಈಗ ಫೋನ್ ಮಾಡಿ ಕೇಳಿದೆ. ಅವರಿಗೂ ಇದೇ ಮೆಸೇಜ್ ನೋಡಿಯೇ ಗೊತ್ತಾಗಿದ್ದಂತೆ.

ನಾಗರಾಜ ಮಾವ: ಹಾಗಾದ್ರೆ ತುರ್ತಿನ ವಿನಾಯಿತಿ ನಿಲ್ಲಲ್ಲ. "ಇನ್ಮುಂದೆ" ಅಂತ ಬೇರೆ ಬರೆದಿದ್ದಾರೆ. ಮೆಷಿನ್ ಕೆಟ್ಟು ಎರಡು ದಿನ ಹೆಚ್ಚುಕಮ್ಮಿ ಆಗೋದು ತುರ್ತು, ಶಾಶ್ವತವಾಗಿ ಭಾನುವಾರ ತೆಗೆಯೋದು ಯಾವ ತುರ್ತು? ದೊಡ್ಡ ಆರ್ಡರ್ ಬರೋದು ಮಾರಾಟದವರಿಗೆ ಎಷ್ಟೋ ದಿನ ಮೊದಲೇ ಗೊತ್ತಿರುತ್ತೆ, ಪ್ಯಾಕಿಂಗ್‌ನವರಿಗೆ ಮಾತ್ರ ಹಿಂದಿನ ರಾತ್ರಿ ಹೇಳ್ತಾರೆ. ನನಗೆ ಸಿಟ್ಟು ಬರೋದೇ ಅಲ್ಲಿ.

ದೀಪಾ: ಅದಕ್ಕೇ ಹೇಳಿದ್ದು, ಯಾರೂ ಹೋಗಬೇಡಿ ಅಂತ. ಯುರೋಪಿನಲ್ಲಿ ಸಮಯಕ್ಕೆ ಮುಂಚೆ ತಿಳಿಸದಿದ್ದರೆ ಕೆಲಸ ಬೇಡ ಅನ್ನೋ ಹಕ್ಕೇ ಇದೆ ಅಂತ ಓದಿದ್ದೆ.

ಪ್ರವೀಣ: ಅಲ್ಲಿ ಇರಬಹುದು ದೀಪಾ. ಇಲ್ಲಿ ಅಕ್ಕ ನಾಳೆ ಹೋಗದೇ ಇದ್ದರೆ ಮಂಗಳವಾರ ಕೈಗೆ ಶೋಕಾಸ್ ನೋಟಿಸ್ ಬರುತ್ತೆ. ಅದನ್ನು ಬರೆಯೋ ಕುರ್ಚಿಯಲ್ಲಿ ನಾನೇ ಕೂತಿರ್ತೀನಿ, ನನಗೆ ಗೊತ್ತು.

ನಾಗರಾಜ ಮಾವ: ಇಲ್ಲಿ ಪ್ರವೀಣನ ಮಾತು ಕೇಳು ದೀಪಾ. ಯುರೋಪಿನದು 2019ರ ನಿರ್ದೇಶನ, ಅದೂ ಕೆಲಸದ ಸಮಯ ನಿಗದಿ ಇಲ್ಲದವರಿಗೆ ಮಾಡಿದ್ದು, ಅಲ್ಲಿ ನಿರಾಕರಿಸಿದವರಿಗೆ ರಕ್ಷಣೆ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಆ ಥರ ಸಾಲು ಇಲ್ಲ. ಸುಮಾಳ ಬಿ ಇಂದ ಸಿ ಆದೇಶ ನೋಡೋಕೆ ಕಾನೂನಿನ ಒಳಗೇ ಇದೆ, ಅದನ್ನು ಮೀರಿದರೆ ಆಜ್ಞೆ ಪಾಲಿಸಿಲ್ಲ ಅಂತ ಸುಲಭವಾಗಿ ಹಿಡಿದುಕೊಳ್ತಾರೆ. ಎಲ್ಲರೂ ಸೇರಿ ರಜೆ ಹಾಕೋದು ಇನ್ನೂ ಅಪಾಯ. ಹೊಸ ಸಂಹಿತೆಯಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಕೆಲಸಗಾರರು ಮಾತಾಡಿಕೊಂಡು ಒಂದೇ ದಿನ ಕ್ಯಾಶುಯಲ್ ರಜೆ ಹಾಕಿದರೆ ಅದೂ ಮುಷ್ಕರವೇ, ಮುಷ್ಕರಕ್ಕೆ ನಾವೂ 14 ದಿನ ಮೊದಲು ನೋಟಿಸ್ ಕೊಡಬೇಕು. ಅವರು ನೋಟಿಸ್ ಕೊಡದ ತಪ್ಪನ್ನು ಬಿಟ್ಟು ನಾವು ಕೊಡದ ತಪ್ಪಿನ ಮೇಲೆ ಮಾತು ತಿರುಗಿಸ್ತಾರೆ.

ಸುಮಾ: ಹಾಗಾದ್ರೆ ನಾಳೆ ರಾತ್ರಿ ಹೋಗಲಾ ಮಾವ?

ನಾಗರಾಜ ಮಾವ: ಹೋಗು. ಹೋಗೋ ಮುಂಚೆ ಬರೆದು ಕೊಡು. ಸುಮ್ನೆ ಹೋಗಿ ಕೆಲಸ ಮಾಡಿ ಬಂದರೆ ನಾಲ್ಕು ತಿಂಗಳ ಮೇಲೆ "ಎಲ್ಲರೂ ಒಪ್ಪಿಕೊಂಡು ಮಾಡ್ತಿದ್ದಾರೆ" ಅಂತಾರೆ. "ಆಕ್ಷೇಪಣೆ ಇಟ್ಟುಕೊಂಡು ಕೆಲಸಕ್ಕೆ ಹಾಜರಾಗುತ್ತಿದ್ದೇನೆ" ಅನ್ನೋ ಸಾಲು ಇರಲೇಬೇಕು. ಆ ಮೆಸೇಜ್ ಬಂದ ತಾರೀಕು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೋ. ಅವರು ಅಳಿಸಿಬಿಡಬಹುದು. ಗೇಟಿನ ಬೋರ್ಡಿನ ಫೋಟೋ ಯಾರ ಹತ್ತಿರವಾದರೂ ಇದ್ದರೆ ಅದನ್ನೂ. ಪತ್ರ ಕುಂದುಕೊರತೆ ಸಮಿತಿಗೆ, ಒಂದು ಪ್ರತಿ ಎಚ್.ಆರ್.ಗೆ, ನಿನ್ನ ಪ್ರತಿಯ ಮೇಲೆ ತಲುಪಿದ ಸಹಿ. ಸಮಿತಿಗೆ 30 ದಿನದ ಅವಧಿ ಇದೆ. ಅಲ್ಲಿ ಬಗೆಹರಿಯದಿದ್ದರೆ ಯೂನಿಯನ್ ಮೂಲಕ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿ ಹತ್ತಿರ ಹೋಗೋದು.

ದೀಪಾ: ಮಾವ, ನಾನು ಟೀಮ್ ಲೀಡ್. ನಮ್ಮಲ್ಲೂ ದಿನಾ ಹೀಗೇ ಬದಲಿಸ್ತಾರೆ. ನನಗೂ ಈ 21 ದಿನ ಸಿಗುತ್ತಾ?

ನಾಗರಾಜ ಮಾವ: ನಿನ್ನ ಹುದ್ದೆಯ ಹೆಸರಿಗಿಂತ ನೀನು ನಿಜವಾಗಿ ಮಾಡೋ ಕೆಲಸ ಮುಖ್ಯ. ಮೇಲ್ವಿಚಾರಣೆಯೇ ನಿನ್ನ ಮುಖ್ಯ ಕೆಲಸ, ಸಂಬಳ ತಿಂಗಳಿಗೆ 18,000 ದಾಟಿದೆ ಅಂದ್ರೆ ಸಂಹಿತೆ ನಿನ್ನನ್ನು ಕೆಲಸಗಾರರ ಲೆಕ್ಕಕ್ಕೆ ಹಿಡಿಯಲ್ಲ. ಆಗ ನೇಮಕಾತಿ ಪತ್ರದಲ್ಲಿ ಬರೆದಿದ್ದೇ ನಿನಗೆ ಆಧಾರ. ಸುಮಾಗೆ ಹಾಗಲ್ಲ. "ಯಾವುದೇ ಶಿಫ್ಟ್" ಅಂತ ಪತ್ರದಲ್ಲಿ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಸೆಕ್ಷನ್ 40ರ ನೋಟಿಸ್ ತಪ್ಪಲ್ಲ.

ಸುಮಾ: ಪತ್ರ ಬರೆದೆ, ನೋಡಿ: "ನನ್ನನ್ನು ಮುನ್ಸೂಚನೆ ಇಲ್ಲದೆ ರಾತ್ರಿ ಪಾಳಿಗೆ ಹಾಕಿರುವುದು, ಹೊಸ ಶಿಫ್ಟ್ ಆರಂಭಿಸಿರುವುದು, ವಾರದ ರಜೆ ಬದಲಿಸಿರುವುದು ಸೆಕ್ಷನ್ 40ಕ್ಕೆ ವಿರುದ್ಧವಾಗಿದೆ. ಈ ಆಕ್ಷೇಪಣೆ ಇಟ್ಟುಕೊಂಡು ಕೆಲಸಕ್ಕೆ ಹಾಜರಾಗುತ್ತಿದ್ದೇನೆ."

ಪ್ರವೀಣ: ಅಕ್ಕ, ಹೀಗೆ ಕೊಡಬೇಡ. ಮೂರನ್ನೂ ಒಂದೇ ಸಾಲಿಗೆ ಹಾಕಿದರೆ ಎಚ್.ಆರ್.ನವರು ಮೊದಲನೇದಕ್ಕೆ ಮಾತ್ರ ಉತ್ತರ ಬರೀತಾರೆ. "ಶಿಫ್ಟ್ ಹಂಚಿಕೆ ಆಡಳಿತದ ಹಕ್ಕು" ಅಂತ ಒಂದು ಸಾಲು, ಮುಗೀತು, ರಜೆ ವಿಷಯ ಮುಟ್ಟೋದೇ ಇಲ್ಲ. ರಜೆ ಮತ್ತು 11ರ ಶಿಫ್ಟ್ ಬಗ್ಗೆ ಸೆಕ್ಷನ್ 40 ಹಾಕಿ ಒಂದು ಪತ್ರ, ಅದಕ್ಕೆ ಇಡೀ ಪ್ಯಾಕಿಂಗ್‌ನವರು ಸಹಿ ಹಾಕಲಿ. ನಿನ್ನ ಸಿ ಶಿಫ್ಟ್‌ಗೆ ಬೇರೆ ಪತ್ರ, ಅದರಲ್ಲಿ ಕಾನೂನು ಬೇಡ. ಮಕ್ಕಳ ವಿಷಯ ಬರೆದು ಈ ಒಂದು ವಾರ ಬೇರೆಯವರ ಜೊತೆ ಅದಲುಬದಲು ಕೇಳು, ಒಪ್ಪುವವರ ಹೆಸರನ್ನೂ ನೀನೇ ಕೊಡು.

ನಾಗರಾಜ ಮಾವ: ಸರಿಯಾಗಿ ಹೇಳಿದ. ಹಾಗೇ ಮಾಡು ಸುಮಾ. 12 ಜನರಲ್ಲಿ ಎಷ್ಟು ಮಂದಿ ಸಹಿ ಹಾಕ್ತಾರೆ ಅಂತ ಬೆಳಿಗ್ಗೆ 11ರೊಳಗೆ ತಿಳಿಸು, ಅವರ ಹೊಸ ಶಿಫ್ಟ್ ಶುರುವಾಗೋ ಮುಂಚೆ ಪತ್ರ ಒಳಗೆ ಹೋಗಿರಬೇಕು.

ಸುಮಾ: ಏಳು ಜನ ಈಗಲೇ ಹೂಂ ಅಂದಿದ್ದಾರೆ ಮಾವ. ಉಳಿದವರಿಗೆ ಫೋನ್ ಮಾಡ್ತಿದ್ದೀನಿ.