ಸಹಾಯ ಬೇಕು: ಜೋಳದ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಜೋಳದ ರೊಟ್ಟಿ ತಟ್ಟಲು ಕೂತರೆ ಅಂಗೈ ಅಗಲ ಆಗುವವರೆಗೆ ಏನೂ ತೊಂದರೆ ಇಲ್ಲ. ಅದಕ್ಕಿಂತ ದೊಡ್ಡದು ಮಾಡಲು ಹೋದರೆ ಅಂಚು ಸುತ್ತಲೂ ಬಾಯಿ ಬಿಡುತ್ತದೆ. ಬೆರಳಲ್ಲಿ ಒತ್ತಿ ಸೇರಿಸಿದರೂ ಹಂಚಿಗೆ ಎತ್ತಿ ಹಾಕುವಾಗ ಅಲ್ಲೇ ಹರಿಯುತ್ತದೆ.

ನಾನು ಮಾಡುವುದು ಹೀಗೆ: ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು, ಚಿಟಿಕೆ ಉಪ್ಪು. ನೀರು ಕೊತ ಕೊತ ಕುದಿಯುವಾಗಲೇ ಹಿಟ್ಟಿಗೆ ಹಾಕಿ, ಸೌಟಿನಲ್ಲಿ ಕಲಸಿ ಮುಚ್ಚಿಡುತ್ತೇನೆ. ಕೈ ತಡೆಯುವಷ್ಟು ಆರಿದ ಮೇಲೆ, ಪ್ರತಿ ರೊಟ್ಟಿಗೂ ಒಂದೊಂದು ಉಂಡೆ ತೆಗೆದುಕೊಂಡು, ತಣ್ಣೀರು ಚಿಮುಕಿಸಿ ಅಂಗೈ ಬುಡದಿಂದ ಉಜ್ಜಿ ಉಜ್ಜಿ ನಾದುತ್ತೇನೆ. ನೀರು ಕಡಿಮೆ ಆಯ್ತೇನೋ ಅಂತ ಜಾಸ್ತಿ ಹಾಕಿ ನೋಡಿದೆ. ಬಿರುಕು ಕಡಿಮೆಯಾಯಿತು, ಆದರೆ ರೊಟ್ಟಿ ಮಣೆಗೆ ಅಂಟಿಕೊಂಡಿತು. ಕೆಳಗೆ ಒಣಹಿಟ್ಟು ಉದುರಿಸಿದರೆ ಮತ್ತೆ ಅಂಚು ಒಣಗಿ ಬಿರಿಯಿತು. ಸ್ವಲ್ಪ ಗೋಧಿಹಿಟ್ಟು ಸೇರಿಸಿದರೆ ಸರಿಬರುತ್ತದೆ, ಆದರೆ ಮನೆಯಲ್ಲಿ ಒಬ್ಬರಿಗೆ ಗೋಧಿ ಆಗಲ್ಲ.

ತಮಾಷೆ ಏನೆಂದರೆ, ಇದೇ ರೀತಿ ಕುದಿನೀರಲ್ಲಿ ಕಲಸಿದ ಅಕ್ಕಿರೊಟ್ಟಿ ಲಟ್ಟಿಸಿದರೂ ಒಡೆಯುವುದಿಲ್ಲ! ಜೋಳದ ಹಿಟ್ಟು ಅಂಗಡಿ ಪ್ಯಾಕೆಟ್‌ನದು. ಕಹಿಯಿಲ್ಲ, ಮುಗ್ಗಲು ವಾಸನೆಯೂ ಇಲ್ಲ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ ಅನ್ನುತ್ತಾರೆ ಅಲ್ವಾ, ಅದೇನಾ ಇದು?

ದಿನಾ ರೊಟ್ಟಿ ತಟ್ಟುವವರು ಹೇಳಿ: ಹಿಟ್ಟಿಗೆ ಜಿಗಿ ಇದೆಯೋ ಇಲ್ಲವೋ ಅಂತ ಕಲಸುವ ಮೊದಲೇ ತಿಳಿಯುವುದು ಹೇಗೆ? ಹಿಟ್ಟು ಸರಿಯಿದ್ದರೆ, ಒಂದು ಉಂಡೆಯನ್ನು ಎಷ್ಟು ಹೊತ್ತು ನಾದಬೇಕು?