ಸೀಮಂತದ 420 ಫೋಟೋ, ಪ್ರಿಸೆಟ್ ಹಾಕಿದರೆ ಕೆಲವು ಮುಖ ನೀಲಿ

ಪ್ರಶ್ನೆ, ಹಾಸನದಿಂದ: ಅಕ್ಕನ ಸೀಮಂತ ಮನೆಯಲ್ಲೇ ಆಯ್ತು. ನಾನೇ ಫೋಟೋ ತೆಗೆದೆ, ಎಲ್ಲಾ ರಾ ಫೈಲ್. ಬೇಡದ್ದು ತೆಗೆದು 420 ಉಳಿದಿದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಎಲ್ಲದಕ್ಕೂ ಒಂದೇ ಪ್ರಿಸೆಟ್ ಹಾಕಿದೆ. ಹಾಲ್‌ನವು ಚೆನ್ನಾಗಿವೆ. ಅಂಗಳದಲ್ಲಿ ಊಟದ ಪಂಕ್ತಿಗೆ ನೀಲಿ ಟಾರ್ಪಾಲ್ ಕಟ್ಟಿದ್ದೆವು, ಅಲ್ಲಿ ಮುಖಗಳೆಲ್ಲ ನೀಲಿ. ಒಂದೊಂದೇ ತೆಗೆದು ಸರಿ ಮಾಡಬೇಕಾ?

ಅರಸೀಕೆರೆಯ ಒಬ್ಬರು: ಸುಲಭ ಇದೆ. ಎಲ್ಲಾ ಸೆಲೆಕ್ಟ್ ಮಾಡಿ Auto Sync ಆನ್ ಮಾಡಿ. ಒಂದರಲ್ಲಿ ಬಣ್ಣ ಸರಿ ಮಾಡಿದರೆ ಉಳಿದದ್ದೂ ಸರಿಯಾಗುತ್ತೆ. ಮುಖಕ್ಕೆ ಆರೆಂಜ್ ಸ್ಲೈಡರ್ ಸ್ವಲ್ಪ ಏರಿಸಿ, ಮುಗೀತು.

ಚಿಕ್ಕಮಗಳೂರಿನ ಸ್ಟುಡಿಯೋದವರು: Auto Sync ಒಳ್ಳೆಯದೇ, ಆದರೆ ಬೆಳಕಿನ ಪ್ರಕಾರ ಗುಂಪು ಮಾಡಿದ ಮೇಲೆ. ಹಾಲ್‌ನ ಟ್ಯೂಬ್‌ಲೈಟಿಗೂ ಟಾರ್ಪಾಲ್ ಕೆಳಗಿನ ಬೆಳಕಿಗೂ ಒಂದೇ ಲೆಕ್ಕ ಹೇಗೆ ಆಗುತ್ತೆ? ಆರೆಂಜ್ ಏರಿಸಿದರೆ ಮುಖದ ಜೊತೆ ಚಿನ್ನ, ಸೀರೆ ಜರಿ, ಅರಿಶಿನ ಎಲ್ಲಾ ಏರುತ್ತೆ. ಸೀಮಂತದಲ್ಲಿ ಕೆನ್ನೆ ಮೇಲೆ ಅರಿಶಿನ ಇದ್ದೇ ಇರುತ್ತಲ್ಲ, ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ.

ನಾನು ಮಾಡೋದು ಹೀಗೆ. ಮೊದಲು ಪ್ರಿಸೆಟ್ ಅನ್ನೇ ಹೊಸದಾಗಿ ಸೇವ್ ಮಾಡಿ. ಸೇವ್ ಮಾಡುವಾಗ White Balance, Exposure ಎರಡರ ಟಿಕ್ ತೆಗೆಯಿರಿ. ಕಾಂಟ್ರಾಸ್ಟ್, ಬಣ್ಣದ ಹದ ಮಾತ್ರ ಅದರಲ್ಲಿ ಇರಲಿ. ಅದನ್ನು 420ಕ್ಕೂ ಹಾಕಿ. ಈಗಾಗಲೇ ಬಿದ್ದಿರುವ ಹಳೇ ಪ್ರಿಸೆಟ್ ಅನ್ನು ಅದಕ್ಕೂ ಮುಂಚೆ Reset ಮಾಡಿ, ಇಲ್ಲದಿದ್ದರೆ ಅದರ ವೈಟ್ ಬ್ಯಾಲೆನ್ಸ್ ಹಾಗೇ ಉಳಿಯುತ್ತೆ.

ಆಮೇಲೆ ಗುಂಪು. ಹಾಲ್, ಜಗುಲಿ, ಟಾರ್ಪಾಲ್, ಸಂಜೆ ಆರತಿ, ನಿಮ್ಮಲ್ಲಿ ಬಹುಶಃ ಇಷ್ಟೇ. ಟಾರ್ಪಾಲ್ ಗುಂಪಿನಲ್ಲಿ ಯಾರಾದರೂ ಬಿಳಿ ಪಂಚೆ ಉಟ್ಟು ಕೂತಿರುವ ಒಂದು ಫೋಟೋ ಹುಡುಕಿ. ವೈಟ್ ಬ್ಯಾಲೆನ್ಸ್‌ನ ಪಿಪೆಟ್‌ನಿಂದ ಪಂಚೆ ಮೇಲೆ ಕ್ಲಿಕ್ ಮಾಡಿ. ಬಿಳಿ ಪೂರ್ತಿ ಸುಟ್ಟು ಹೋಗಿರುವ ಜಾಗ ಬೇಡ, ಸ್ವಲ್ಪ ನೆರಳಿನ ಮಡಿಕೆ ಇರಲಿ. ಬಾಳೆ ಎಲೆ ಹಸಿರಾಗಿ, ಅನ್ನ ಬಿಳಿಯಾಗಿ ಕಂಡರೆ ಸರಿಯಾಯ್ತು ಅಂತ. ಅದನ್ನು ಗುಂಪಿನ ಉಳಿದವುಗಳಿಗೆ Sync ಮಾಡಿ, White Balance ಒಂದಕ್ಕೆ ಮಾತ್ರ ಟಿಕ್ ಹಾಕಿ.

ಈಗ ಗ್ರಿಡ್‌ನಲ್ಲಿ ದೊಡ್ಡದಾಗಿ ಇಟ್ಟುಕೊಂಡು ಮುಖ ಮಾತ್ರ ನೋಡುತ್ತಾ ಹೋಗಿ. ಕಣ್ಣಿಗೆ ಕುಕ್ಕಿದ್ದಕ್ಕೆ 6 ಒತ್ತಿ, ಕೆಂಪು ಲೇಬಲ್ ಬೀಳುತ್ತೆ. ಆಮೇಲೆ ಕೆಂಪಿನವು ಮಾತ್ರ ಕಾಣುವ ಹಾಗೆ ಫಿಲ್ಟರ್ ಹಾಕಿ. ಕೈ ಹಾಕಬೇಕಾದ್ದು ಅಷ್ಟಕ್ಕೇ.

ಕೇಳಿದವರು: ಮಾಡಿದೆ ಸರ್. ಕೆಂಪು 23 ಬಂತು. ಅಜ್ಜಿ ಟಾರ್ಪಾಲ್ ಅಂಚಿನಲ್ಲಿ ಕೂತಿದ್ದಾರೆ. ಒಂದು ಕೆನ್ನೆಗೆ ಬಿಸಿಲು, ಇನ್ನೊಂದು ಇನ್ನೂ ನೀಲಿ.

ಸ್ಟುಡಿಯೋದವರು: ಇದೇ ನಿಜವಾದ ಕೆಲಸ. ಮೊದಲು Auto Sync ಆಫ್ ಇದೆಯಾ ನೋಡಿ. ನಾನು ಒಂದು ಮದುವೆಯಲ್ಲಿ ಮರೆತು, ಒಬ್ಬರ ಕೆನ್ನೆಗೆ ಹಾಕಿದ ಬ್ರಷ್ 180 ಫೋಟೋಗೆ ಬಿದ್ದಿತ್ತು. ತಕ್ಷಣ ಗೊತ್ತಾದರೆ ಅನ್‌ಡು ಮಾಡಬಹುದು, ಮಾರನೇ ದಿನ ಗೊತ್ತಾದರೆ ಕಷ್ಟ.

ಅಜ್ಜಿಗೆ ಮಾಸ್ಕಿಂಗ್‌ನಲ್ಲಿ People, ಅದರಲ್ಲಿ Face Skin ಆರಿಸಿ. ಆಮೇಲೆ ಬಿಸಿಲು ಬಿದ್ದ ಕೆನ್ನೆಯನ್ನು ಬ್ರಷ್‌ನಿಂದ Subtract ಮಾಡಿ. ಉಳಿದ ಕಡೆ Temp ಅನ್ನು ಹಳದಿ ಕಡೆಗೆ ಎಳೆಯಿರಿ, ಎರಡು ಕೆನ್ನೆ ಹತ್ತಿರ ಬರುವಷ್ಟು. ಪೂರ್ತಿ ಒಂದೇ ಮಾಡಬೇಡಿ, ಮುಖ ಅಂಟಿಸಿದ ಹಾಗೆ ಕಾಣುತ್ತೆ.

ಬ್ರಷ್ ಇರುವ ಮಾಸ್ಕ್ ಅನ್ನು ಪಕ್ಕದ ಫೋಟೋಗೆ ಸಿಂಕ್ ಮಾಡಬೇಡಿ. ಅದು ಅದೇ ಜಾಗದಲ್ಲೇ ಕೂರುತ್ತೆ, ಅಜ್ಜಿ ತಲೆ ಅಲ್ಲಾಡಿಸಿದ್ದರೆ ಬ್ರಷ್ ಪಕ್ಕದವರ ಸೀರೆ ಮೇಲೆ ಹೋಗುತ್ತೆ. ಬರೀ Face Skin ಆದರೆ ಹೊಸ ಫೋಟೋದಲ್ಲಿ ಮುಖ ಹುಡುಕಿಕೊಳ್ಳುತ್ತೆ. ಗುಂಪಿನಲ್ಲಿ ಬೇರೆಯವರ ಮುಖ ಹಿಡಿಯುವುದೂ ಉಂಟು, ನೋಡಿಕೊಳ್ಳಿ.

ಸಕಲೇಶಪುರದ ಒಬ್ಬರು: ನಮ್ಮದು ಗೃಹಪ್ರವೇಶದ ಗ್ರೂಪ್ ಫೋಟೋ. ಮಾವ ಕಣ್ಣು ಮುಚ್ಚಿದ್ದಾರೆ. ಇದಕ್ಕೂ Face Skin ಸಾಕಾ?

ಸ್ಟುಡಿಯೋದವರು: ಸಾಕಾಗಲ್ಲ, ಅದು ಬಣ್ಣದ ವಿಷಯ. ಪಕ್ಕದ ಫ್ರೇಮ್‌ನಲ್ಲಿ ಕಣ್ಣು ತೆರೆದಿದ್ದರೆ ಫೋಟೋಶಾಪ್‌ನಲ್ಲಿ ತಲೆ ತಂದು ಕೂರಿಸಬೇಕು. ಅದನ್ನು ಎಲ್ಲಕ್ಕಿಂತ ಕೊನೆಗೆ ಮಾಡಿ. ಎರಡು ಫ್ರೇಮ್‌ಗೂ ಒಂದೇ ಬಣ್ಣ ಕೂತಿರಲಿ. ಫೋಟೋಶಾಪ್‌ನಿಂದ ವಾಪಸ್ ಬರುವುದು ಬೇರೆಯೇ ಫೈಲ್, ಪ್ರಿಸೆಟ್ ಅದರಲ್ಲಿ ಬೆರೆತು ಹೋಗಿರುತ್ತೆ. ಅದರ ಮೇಲೆ ಮತ್ತೆ ಪ್ರಿಸೆಟ್ ಹಾಕಿದರೆ ಎರಡು ಸಲ ಬಿದ್ದ ಹಾಗೆ.

ಕೇಳಿದವರು: 23ರಲ್ಲಿ 19 ಸರಿಯಾಯ್ತು, ಒಂದು ಗಂಟೆ ಹಿಡಿಯಿತು. ಉಳಿದ ನಾಲ್ಕು ತಂಗಿ ಮೊಬೈಲಿನ ಜೆಪೆಗ್, ನಾನೇ ಸೇರಿಸಿಬಿಟ್ಟಿದ್ದೆ, ರಾ ಅಲ್ಲ. Temp ಎಳೆದರೆ ಮುಖ ಬೂದಿ ಬಣ್ಣಕ್ಕೆ ಹೋಗುತ್ತೆ.

ಸ್ಟುಡಿಯೋದವರು: ಜೆಪೆಗ್‌ನಲ್ಲಿ ಮೊಬೈಲೇ ಬಣ್ಣ ತೀರ್ಮಾನಿಸಿ ಉಳಿದದ್ದನ್ನು ಎಸೆದಿರುತ್ತೆ. ಇಲ್ಲದ ಕೆಂಪನ್ನು ಎಲ್ಲಿಂದ ತರೋದು? ನಾನಾದರೆ ಆ ನಾಲ್ಕನ್ನು ಕಪ್ಪು ಬಿಳುಪು ಮಾಡುತ್ತೇನೆ.

ಅರಸೀಕೆರೆಯವರು: ಸೀಮಂತದ ಹಸಿರು ಬಳೆ ಕಪ್ಪು ಬಿಳುಪಿನಲ್ಲಾ? ಮನೆಯವರು ಒಪ್ಪಲ್ಲ. ನೀಲಿ ಇದ್ದರೂ ಹಾಗೇ ಬಿಡಿ.

ಕೇಳಿದವರು: ಅಮ್ಮನಿಗೆ ಎರಡೂ ತೋರಿಸಿದೆ. ಅವರು ಬಣ್ಣದ್ದೇ ಬೇಕು ಅಂತಾರೆ, ಅಕ್ಕ ಕಪ್ಪು ಬಿಳುಪು ಅಂತಾಳೆ. ಆಲ್ಬಮ್ ಪ್ರಿಂಟಿಗೆ ಇನ್ನೂ ಕೊಟ್ಟಿಲ್ಲ.